ವರತಿಯ ದಂಡೆಯಲ್ಲಿ ಅಂದ ಮಾತು

ಪ್ಲೇಗಿನ ವರ್ಷವನ್ನು ಯಾರಾದರೂ ಆಸೆಪಟ್ಟು ನೆನೆಯುತ್ತಾರೆಯೇ? ಗ್ಯಾನಪ್ಪ ನೆನೆಯುತ್ತಿದ್ದ. ಮುದುಕನಾದ ಮೇಲೂ ಹಸಿ ಜೋಳದ ದಂಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ಕೈಲಿದ್ದ ಉಳಿಯನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಡುತ್ತಿದ್ದ.

ಅದು ನಿಜಾಮರ ಕಾಲ, ಮೂವತ್ತರ ದಶಕದ ಕೊನೆ. ಅಳವಂಡಿ ಸೀಮೆಯ ಅವರ ಊರಲ್ಲಿ ಚಳಿಗಾಲಕ್ಕೆ ಇಲಿ ಸತ್ತು ಬಿದ್ದವು. ಇಲಿ ಬಿದ್ದವೆಂದರೆ ಊರು ಬಿಡಬೇಕು, ಅಷ್ಟೇ. ಜನ ಮನೆಗಳಿಗೆ ಬೀಗ ಹಾಕಿ ಹಳ್ಳದ ಆಚೆಯ ಹೊಲಗಳಲ್ಲಿ ದಂಟಿನ ಗುಡಿಸಲು ಹಾಕಿಕೊಂಡರು. ಗ್ಯಾನಪ್ಪ ಮರಗೆಲಸ ಬಲ್ಲವ, ಇಪ್ಪತ್ತೈದರ ಒಂಟಿ ಜೀವ. ಅರ್ಧ ಊರಿಗೆ ಗುಡಿಸಲ ಕಂಬ ನೆಟ್ಟುಕೊಟ್ಟವನೇ ಅವನು. ತನ್ನದನ್ನು ಕೊನೆಗೆ ಹಾಕುವಾಗ ಉಳಿದಿದ್ದು ದುರಗಮ್ಮನ ಗುಡಿಸಲ ಪಕ್ಕದ ಜಾಗ ಮಾತ್ರ.

ದುರಗಮ್ಮ ಅವನದೇ ಜನದವಳು. ಗಂಡ ಸತ್ತು ಮೂರು ವರ್ಷವಾಗಿತ್ತು. ತವರಲ್ಲಿ ಯಾರೂ ಉಳಿದಿರಲಿಲ್ಲ. ಅತ್ತೆ ಕಳಕಮ್ಮ, ಮೈದುನ, ಇಷ್ಟೇ ಅವಳ ಸಂಸಾರ. ಎರಡು ಗುಡಿಸಲ ನಡುವೆ ದಂಟಿನದೊಂದು ತಡಿಕೆ. ಈ ಕಡೆ ಕೆಮ್ಮಿದರೆ ಆ ಕಡೆಯಿಂದ ಕಷಾಯ ಬರುತ್ತಿತ್ತು.

ನೀರಿಗೆ ಹಳ್ಳವೇ ಗತಿ. ಉಸುಕಿನಲ್ಲಿ ಗುಂಡಿ ತೋಡಿ ವರತಿ ಮಾಡಬೇಕು, ನೀರು ಜಿನುಗುವ ತನಕ ಕಾಯಬೇಕು, ಬಟ್ಟಲಲ್ಲಿ ಮೊಗೆಮೊಗೆದು ಕೊಡ ತುಂಬಬೇಕು. ಅವನು ತೋಡುವವನು, ಅವಳು ಮೊಗೆಯುವವಳು. ಒಂದು ಕೊಡ ತುಂಬುವುದರೊಳಗೆ ಎಷ್ಟು ಮಾತು! ಸತ್ತ ಗಂಡನ ಸಿಟ್ಟು, ಇವನ ಅವ್ವನ ಹಾಡು, ಯಾವ ಎಮ್ಮೆ ಯಾರನ್ನು ಒದ್ದಿತು, ಎಲ್ಲಾ ಬರುತ್ತಿದ್ದವು. ರೊಟ್ಟಿ ಬಡಿದಾಗ ಒಂದನ್ನು ಬೆಣ್ಣೆ ಸವರಿ ತಡಿಕೆಯ ಮೇಲಿಂದ ಚಾಚುತ್ತಿದ್ದಳು. "ಗ್ಯಾನಪ್ಪಾ, ಹಿಡಿ, ಆರತೈತಿ." ಆ ಕೂಗಿಗೆ ಇವನ ಎದೆ ಝಲ್ಲೆನ್ನುತ್ತಿತ್ತು, ಪಾಪ.

ಆರನೇ ವಾರಕ್ಕೆ ಗ್ಯಾನಪ್ಪ ಮನಸ್ಸು ಗಟ್ಟಿ ಮಾಡಿದ. ಅವರ ಜನದಲ್ಲಿ ಉಡಕಿ ಇತ್ತು. ಹಿರಿಯರು ಹೋಗಿ ಮನೆಯವರನ್ನು ಕೇಳಿ ಸೀರೆ ಉಡಿಸಿದರೆ ಗಂಡ ಸತ್ತವಳಿಗೆ ಮತ್ತೆ ಸಂಸಾರ. ಬೀಟೆಯ ತುಂಡೊಂದನ್ನು ನಾಲ್ಕು ದಿನ ಕೆತ್ತಿ, ಹಲ್ಲು ಹಲ್ಲು ತಿಕ್ಕಿ ನುಣುಪು ಮಾಡಿ, ಒಂದು ಹಣಿಗೆ ಮಾಡಿದ. ಮುಂಜಾನೆ ವರತಿಯ ದಂಡೆಯಲ್ಲಿ ಅವಳ ಕೈಗಿಟ್ಟ.

ಅವಳು ಅದನ್ನು ತಿರುವಿ ನೋಡಿದಳು. ನಗು ನಿಂತಿತು. ಉಸುಕಿನ ಮೇಲೆ, ಅವನ ಕಡೆಗೆ, ಮೆಲ್ಲಗೆ ಇಟ್ಟಳು.

"ಭಾಳ ಛಂದ ಮಾಡೀದಿ. ಆದ್ರ ಗ್ಯಾನಪ್ಪಾ, ನಿನ್ನ ಕಂಡ್ರ ನನಗ ಒಡಹುಟ್ಟಿದಂವನ್ನ ಕಂಡಂಗ ಆಗತೈತಿ. ನನಗ ಅಣ್ಣ ಇರಲಿಲ್ಲ ನೋಡು."

ಕೊಡ ಎತ್ತಿಕೊಂಡು ಹೋದಳು. ಅಂದಿನಿಂದ ಅವಳ ಬಾಯಲ್ಲಿ ಗ್ಯಾನಪ್ಪ ಹೋಗಿ ಅಣ್ಣ ಆದ. ರೊಟ್ಟಿ ತಪ್ಪಲಿಲ್ಲ, ಬೆಣ್ಣೆಯೂ ತಪ್ಪಲಿಲ್ಲ. ವರತಿಗೆ ಮಾತ್ರ ಅತ್ತೆಯನ್ನು ಜೊತೆಗೆ ಕರೆತರತೊಡಗಿದಳು.

ಗ್ಯಾನಪ್ಪನಿಗೆ ತಲೆ ಕೆಟ್ಟಿತು. ಗೆಳೆಯ ಖಾಜಾಸಾಬನ ಹತ್ತಿರ ಹೋದ. ಅರಳೆ ಹಿಂಜುವ ಖಾಜಾಸಾಬನಿಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿ ಇರಲಿಲ್ಲ, ಅವನ ಲೆಕ್ಕದಲ್ಲಿ.

"ಏ ಹುಚ್ಚ! ಮಂದಿಗೆ ಅಂಜಿ ಹಂಗಂದಾಳ. ಅಣ್ಣ ಅಂದ್ರ ಊರ ಬಾಯಿ ಮುಚ್ಚತೈತಿ. ಒಳಗ ಬ್ಯಾರೇನೇ ಐತಿ. ಬೆಣ್ಣಿ ಯಾರಿಗೆ ಹಚ್ಚತಾರಲೇ?"

ಬೇಕಾದ ಮಾತು ಕಿವಿಗೆ ಬಿದ್ದರೆ ಮನುಷ್ಯ ಇನ್ನೊಂದು ಕಿವಿಯನ್ನು ಮುಚ್ಚಿಕೊಳ್ಳುತ್ತಾನೆ. ಗ್ಯಾನಪ್ಪ ಹಾಗೇ ಮಾಡಿದ. ಬೇನೆ ಇಳಿದು ಜನ ಊರಿಗೆ ಮರಳಿದ ಮೇಲೆ ಹಸಿರು ಸೀರೆ ತಂದ. ಹಿರಿಯ ಕೊಟ್ರಪ್ಪನನ್ನು ಒಪ್ಪಿಸಿದ. ಬರುವ ಸೋಮವಾರ ದುರಗಮ್ಮನ ಮೈದುನನನ್ನು ಕೇಳುವುದೆಂದು ನಿಶ್ಚಯವಾಯಿತು.

ಆ ಸೋಮವಾರ ಬೆಳಿಗ್ಗೆ ಖಾಜಾಸಾಬನನ್ನೂ ಕರೆದೊಯ್ಯಲು ಹೋದಾಗ ಅವನ ಹೆಂಡತಿ ತಾಜಬೀ ಬಾಗಿಲಲ್ಲೇ ಅಡ್ಡ ನಿಂತಳು.

"ಗ್ಯಾನಣ್ಣಾ, ಒಡಹುಟ್ಟಿದಂವ ಅನ್ನೂ ಆ ಮಾತು ದುರಗಮ್ಮ ಎಲ್ಲಿ ಅಂದ್ಲು?"

"ವರತಿ ದಂಡಿ ಮ್ಯಾಲ."

"ಯಾರ್ಯಾರಿದ್ರು?"

"ಯಾರೂ ಇರಲಿಲ್ಲ."

"ಮತ್ತ ಮಂದಿಗೆ ಅಂಜಿ ಅಂದ್ಲು ಅಂತೀರಲ್ಲ, ಮಂದಿ ಎಲ್ಲಿದ್ರು? ಊರಿಗೆ ಕೇಳಿಸಾಕಂತ ಅಂದಿದ್ರ ನಾಕು ಮಂದ್ಯಾಗ ಅಂತಿದ್ಲು, ಒಬ್ಬನ ಸಿಕ್ಕಾಗ ಮತ್ತ ಗ್ಯಾನಪ್ಪಾ ಅಂತ ನಗತಿದ್ಲು. ಅದಕ್ಕ ಮೊದಲ ಏನಾತು?"

"ಹಣಗಿ ಕೊಟ್ಟೆ."

"ತಗೊಂಡ್ಲು?"

"ಉಸುಕಿನ ಮ್ಯಾಲ ಇಟ್ಲು."

"ನಾನೂ ನಿನಗ ಅಣ್ಣ ಅಂತೀನಿ, ಅದು ಬರೇ ಕರಿಯೂ ಮಾತು. ಆಕಿ ನಲವತ್ತು ದಿನ ಹೆಸರು ಹಿಡದು ಕರದಾಕಿ, ಹಣಗಿ ಕಂಡ ದಿನ ಒಡಹುಟ್ಟಿದಂವ ಅಂದಾಳ. ನೀ ಬಾಯಿ ಬಿಡೂಕಿಂತ ಮೊದಲ ಉತ್ತರ ಕೊಟ್ಟಾಳ."

"ಹಂಗಾದ್ರ ಆ ಬೆಣ್ಣಿ? ಆ ನಗಿ? ಎಲ್ಲಾ ಸುಳ್ಳೇನು?"

"ಸುಳ್ಳ್ಯಾಕ ಆಗತೈತಿ? ಆಕಿಗೆ ನಿನ್ನ ಮ್ಯಾಲ ಜೀವ ಐತಿ. ನೀ ಕೇಳೂ ಜೀವ ಅಲ್ಲ, ಅಷ್ಟ. ಈಗ ಪಂಚರನ್ನ ಕರಕೊಂಡು ಹೋದ್ರ ಮೈದುನ ಹೂಂ ಅಂತಾನ. ಆಕಿ ಒಲ್ಲೆ ಅಂದ್ರ, ಮತ್ತ್ಯಾರ ಮ್ಯಾಲ ಕಣ್ಣೈತಿ ಅಂತ ಊರು ಕೇಳತೈತಿ. ಒಲ್ಲೆ ಅನ್ನಾಕ ಆಕಿಗೆ ಜಾಗ ಎಲ್ಲೈತಿ? ಇನ್ನೂ ನಂಬಿಗಿ ಇಲ್ಲಂದ್ರ ಒಬ್ಬನ ಹೋಗಿ ಒಂದ ಸಲ ಕೇಳು. ಎರಡು ಸಲ ಬ್ಯಾಡ."

ಖಾಜಾಸಾಬ ಒಳಗಿನಿಂದ ಏನೋ ಗೊಣಗಿದ. "ನೀವು ಸುಮ್ನ ಅರಳಿ ಹಿಂಜ್ರಿ," ಅಂದಳು ತಾಜಬೀ.

ಗ್ಯಾನಪ್ಪ ಹೊಲದಲ್ಲಿ ಕಟ್ಟಿಗೆ ಆರಿಸುತ್ತಿದ್ದ ದುರಗಮ್ಮನ ಹತ್ತಿರ ಹೋದ. ಹತ್ತು ಹೆಜ್ಜೆ ದೂರವೇ ನಿಂತ.

"ಇವತ್ತ ಕೊಟ್ರಪ್ಪನವರನ್ನ ಕರಕೊಂಡು ನಿಮ್ಮನಿಗೆ ಬರಾಂವ ಇದ್ದೆ, ಸೀರಿ ತಗೊಂಡು. ಬರಲೋ ಬ್ಯಾಡೋ? ಬ್ಯಾಡ ಅಂದ್ರ ಈ ಮಾತು ಇಲ್ಲೇ ಮುಗೀತು. ಯಾರಿಗೂ ಗೊತ್ತಾಗೂದಿಲ್ಲ."

ದುರಗಮ್ಮ ಕಟ್ಟಿಗೆ ಕೆಳಗಿಟ್ಟಳು. "ಬ್ಯಾಡಣ್ಣಾ," ಅಂದಳು. ಅಂದ ಮೇಲೆ ಅತ್ತಳು. "ಹಣಗಿ ನೋಡಿದ ಕೂಡಲೇ ತಿಳೀತು. ನೀ ಬಾಯಿ ಬಿಟ್ಟು ಕೇಳಿ, ನಾ ಒಲ್ಲೆ ಅಂದು, ನೀ ನಮ್ಮ ಕಡೆ ಬರೂದ ಬಿಟ್ಟೀ ಅಂತ ಅಂಜಿ ಮೊದಲ ಅಂದೆ. ಆದ್ರ ಸುಳ್ಳು ಅನ್ನಲಿಲ್ಲ."

ಅವನು ತಲೆಯಾಡಿಸಿ ತಿರುಗಿದ. ಹಳ್ಳಕ್ಕಿಳಿದು, ಮುಚ್ಚಿಹೋದ ವರತಿಯ ಹತ್ತಿರ ಕೂತು ಕೂಸಿನಂತೆ ಅತ್ತ. ಕೊಟ್ರಪ್ಪನಿಗೆ ಮದುವೆಯ ಮನಸ್ಸಿಲ್ಲ ಎಂದು ಹೇಳಿ ಚೆನ್ನಾಗಿ ಬೈಸಿಕೊಂಡ. ಐದು ತಿಂಗಳು ಅವಳ ಓಣಿಗೆ ಕಾಲಿಡಲಿಲ್ಲ. ಸಿಟ್ಟಿತ್ತು, ಯಾಕಿರಬಾರದು? ಅಣ್ಣ ಎನಿಸಿಕೊಳ್ಳಲು ಅವನೇನು ಅರ್ಜಿ ಹಾಕಿದ್ದನೇ?

ಶ್ರಾವಣ ಬಂತು. ಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವ ಕಾಲ. ಓಣಿಯ ಹೆಂಗಸರೆಲ್ಲ ಗಂಟು ಕಟ್ಟಿಕೊಂಡು ಹೊರಟರು. ದುರಗಮ್ಮ ಪ್ರತಿ ವರ್ಷದಂತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಾಳೆಂದು ತಾಜಬೀ ಹೇಳಿದಳು.

ಮರುದಿನ ಗ್ಯಾನಪ್ಪ ತನ್ನ ಮನೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ. ದುರಗಮ್ಮನ ಅತ್ತೆ ಕಳಕಮ್ಮನ ಬಾಗಿಲಿಗೆ ಹೋಗಿ ನಿಂತ.

"ಯವ್ವಾ, ತಂಗೀನ ಪಂಚಮಿಗೆ ಕರಿಯಾಕ ಬಂದೀನ್ರಿ."

ತನ್ನ ಜನ್ಮದಲ್ಲಿ ಅಷ್ಟು ಭಾರದ ಮಾತನ್ನು ಅವನು ಎತ್ತಿರಲಿಲ್ಲ. ಒಳಗಿನಿಂದ ಓಡಿಬಂದವಳ ಮುಖ ನೋಡಿದಾಗ ಭಾರ ಅರ್ಧ ಇಳಿಯಿತು. ಅಂದು ತಾಜಬೀ ಜೋಕಾಲಿ ತೂಗಿದಳು, ದುರಗಮ್ಮ ಬೇವಿನ ಟೊಂಗೆ ಮುಟ್ಟುವಷ್ಟು ಎತ್ತರ ಜೀಕಿದಳು.

ಇಳಿದ ಮೇಲೆ ಕೆದರಿದ ಕೂದಲು ಸರಿಮಾಡಿಕೊಳ್ಳುತ್ತಾ ಕೇಳಿದಳು: "ಅಣ್ಣಾ, ಆ ಹಣಗಿ ಎಲ್ಲೈತಿ? ಈಗ ಕೊಡು, ತಗೋತೀನಿ."

"ಅದೆಲ್ಲೋ ಕಳದೈತವಾ," ಅಂದ ಗ್ಯಾನಪ್ಪ. "ಹೊಸಾದು ಮಾಡಿಕೊಡ್ತೀನಿ ತಡಿ."

ಎರಡು ದಿನದಲ್ಲಿ ಹೊಸದು ಮಾಡಿಕೊಟ್ಟ. ದುರಗಮ್ಮ ಕೂದಲು ನೆರೆಯುವ ತನಕ ಅದರಿಂದಲೇ ತಲೆ ಬಾಚಿಕೊಂಡಳು. ಅವಳು ಬದುಕಿರುವ ತನಕ ಪ್ರತಿ ಪಂಚಮಿಗೂ ಗ್ಯಾನಪ್ಪ ಕರೆಯಲು ಹೋದ. ಮೊದಲಿನ ಹಣಿಗೆ ಅವನ ಹತ್ಯಾರದ ಪೆಟ್ಟಿಗೆಯ ತಳದಲ್ಲಿ, ಬಟ್ಟೆ ಸುತ್ತಿಕೊಂಡು, ಹಾಗೇ ಇತ್ತು. ಅದನ್ನು ಅವನು ತಂಗಿಗೆಂದು ಮಾಡಿರಲಿಲ್ಲ.