ಗದಗಿನ ಖಾತೆಯಲ್ಲಿ ಜಂಗ್ಲಿಸಾಬನ ಹೆಸರು

ಆದಾಯ ತೆರಿಗೆಯ ನೋಟೀಸು ಬಂದ ದಿನದಿಂದ ಜಂಗ್ಲಿಸಾಬನಿಗೆ ಊಟ ರುಚಿಸಲಿಲ್ಲ. ಗಜೇಂದ್ರಗಡದಲ್ಲಿ ಅವನದೊಂದು ಸಣ್ಣ ಬಟ್ಟೆ ಅಂಗಡಿ. ವಾರದಲ್ಲಿ ಮೂರು ದಿನ ರೋಣ, ನರಗುಂದ ಅಂತ ಸಂತೆಗೆ ಹೋಗಿ ಸೀರೆ, ಕುಪ್ಪಸದ ಕಣ ಹರವಿಕೊಂಡು ಕೂಡುತ್ತಿದ್ದ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಒಂದು ದಿನವೂ ಲೆಕ್ಕ ಬರೆದಿಟ್ಟವನಲ್ಲ. ಸಂಜೆ ದುಡ್ಡಿನ ಗಲ್ಲೆಯಲ್ಲಿದ್ದದ್ದೇ ಅವನ ಲೆಕ್ಕ.

ನೋಟೀಸಿನ ಜೊತೆ ಬಂದ ಫಾರ್ಮನ್ನು ಕಚೇರಿ ಮುಂದಿನ ಬರಹಗಾರನ ಕೈಯಲ್ಲಿ ತುಂಬಿಸಿ, ವರ್ಷದ ಗಳಿಕೆ ಸಾವಿರದ ಎಂಟುನೂರು ಅಂತ ಬರೆಸಿ ಕಳಿಸಿದ್ದ. ಎರಡು ತಿಂಗಳಿಗೆ ಮತ್ತೊಂದು ಕಾಗದ ಬಂತು. ತೆರಿಗೆ ಸಾಹೇಬರು ರೋಣದ ಬಂಗಲೆಯಲ್ಲಿ ಮುಕ್ಕಾಮು ಮಾಡುತ್ತಾರೆ, ಲೆಕ್ಕದ ಪುಸ್ತಕ ತಗೊಂಡು ಬರತಕ್ಕದ್ದು ಅಂತ ಅದರಲ್ಲಿತ್ತು.

ಪುಸ್ತಕವಿಲ್ಲದೆಯೇ ಹೋದ. ಸಾಹೇಬರು ಧಾರವಾಡದ ಕಡೆಯವರು. ಗದರುವ ಮನುಷ್ಯರಲ್ಲ.

"ಪುಸ್ತಕ ಇಲ್ಲಂದ್ರ ನೀವು ಬರದ ಸಾವಿರದ ಎಂಟುನೂರನ್ನ ನಾ ಹ್ಯಾಂಗ ಒಪ್ಪಲಿ?" ಎಂದರು. "ಹಂತಾದ್ರಾಗ ಗಳಿಕಿ ಅಂದಾಜ ಮಾಡೂ ಅಧಿಕಾರ ಕಾಯ್ದೆ ನನಗ ಕೊಟ್ಟೈತಿ. ಆದ್ರ ಮನಸಿಗೆ ಬಂದಂಗ ಅಂದಾಜ ಮಾಡಾಕ ಬರೂದಿಲ್ಲ, ಆಧಾರ ಬೇಕು. ನನ್ನ ಹತ್ರ ಇದ ಐತಿ."

ಅವರು ತೋರಿಸಿದ್ದು ಗದಗಿನ ಸಗಟು ವ್ಯಾಪಾರಿಯ ಖಾತೆಯ ನಕಲು. ಅದರಲ್ಲಿ ಜಂಗ್ಲಿಸಾಬನ ಹೆಸರಿನ ಮೇಲೆ ಹೋದ ವರ್ಷ ಮೂವತ್ತಾರು ಸಾವಿರ ರೂಪಾಯಿ ಮಾಲು ಹೋಗಿತ್ತು.

"ಮೂವತ್ತಾರು ಸಾವಿರದ ಮಾಲು, ಸಂತ್ಯಾಗ ಮಾರಿದ್ರ ನಲವತ್ತೈದಕ್ಕರ ಹೋಗತೈತಿ. ಈ ಕಡೆ ಲೆಕ್ಕ ಇಟ್ಟ ಬಟ್ಟಿ ವ್ಯಾಪಾರಸ್ಥರನ್ನ ನೋಡೀನಿ. ಬಾಡಿಗಿ, ಗಾಡಿ ಖರ್ಚು ಎಲ್ಲಾ ಕಳದು ನೂರಕ್ಕ ಹತ್ತು ಉಳೀತೈತಿ ಅವರಿಗೆ. ನಿಮಗೂ ಅದ ದರ ಹಿಡಿದ್ರ ನಾಲ್ಕು ಸಾವಿರದ ಐದುನೂರು ಆತು. ನಾಲ್ಕು ಸಾವಿರದ ಎರಡುನೂರರ ತನಕ ತೆರಿಗಿ ಇಲ್ಲ. ನೀವು ಅದನ್ನ ದಾಟಿದ್ರಿ."

"ಸಾಹೇಬ್ರ, ಅಷ್ಟು ಮಾಲು ನನ್ನದಲ್ಲರಿ."

"ಮತ್ತ ಯಾರದು?"

"ಬ್ಯಾರೆ ಮಂದಿದರಿ" ಎಂದ ಜಂಗ್ಲಿಸಾಬ.

ಅದರಲ್ಲಿ ಮೂರರಲ್ಲೊಂದು ಪಾಲು ಮಾತ್ರ ಅವನದು. ಉಳಿದದ್ದು ಸೂಡಿಯ ಪರಶಪ್ಪ, ಶಿರೋಳದ ಗವಿಸಿದ್ದಪ್ಪ, ರಾಜೂರಿನ ಸುಗರಾ ಈ ಮೂವರದು. ಸುಗರಾಳ ಗಂಡ ಸತ್ತು ಆರು ವರ್ಷವಾಗಿತ್ತು. ಗಂಡನ ಗಂಟನ್ನು ತಾನೇ ಹೊತ್ತು ಊರೂರು ತಿರುಗಿ ಸೀರೆ ಮಾರುತ್ತಿದ್ದಳು. ಗದಗಿನವನು ಈ ಮೂವರಿಗೆ ಉದ್ರಿ ಕೊಡುತ್ತಿರಲಿಲ್ಲ. ಅದಕ್ಕೇ ಜಂಗ್ಲಿಸಾಬ ಎಲ್ಲರ ಮಾಲನ್ನೂ ತನ್ನ ಹೆಸರಿನಲ್ಲಿ ತಂದು ಹಂಚುತ್ತಿದ್ದ. "ಅಸಲ ಬೆಲಿಗೆ ಕೊಡಾಕತ್ತೀನಿ" ಅಂತ ಹೇಳುತ್ತಿದ್ದ. ಆದರೆ ರೂಪಾಯಿಗೆ ಒಂದಾಣೆ, ಅಂದರೆ ಹದಿನಾರರಲ್ಲೊಂದು ಪಾಲು, ತನಗೆ ಇಟ್ಟುಕೊಳ್ಳುತ್ತಿದ್ದ. ಅದು ಅವರಿಗೆ ಗೊತ್ತಿರಲಿಲ್ಲ.

"ಮಾಲು ಮಂದಿದಂದ್ರ ಆ ಮಂದೀನ್ನ ಕರಕೊಂಡ ಬರ್ರಿ. ನಾಡಿದ್ದರ ತನಕ ಇಲ್ಲೇ ಇರ್ತೀನಿ" ಎಂದರು ಸಾಹೇಬರು. "ಆಧಾರ ಸಿಕ್ರ ಅಂದಾಜ ಬದಲಾಗತೈತಿ. ಸಿಗಲಿಲ್ಲಂದ್ರ ನನ್ನ ಅಂದಾಜನ ಖಾಯಂ. ಅದರ ಮ್ಯಾಲ ಮ್ಯಾಲಿನ ಸಾಹೇಬರಿಗೆ ಅಪೀಲು ಮಾಡಬಹುದು, ಮೂವತ್ತು ದಿನದಾಗ."

ಜಂಗ್ಲಿಸಾಬ ಅಲ್ಲಿಂದ ಸೀದಾ ಸೂಡಿಗೆ ಹೋದ. ಪರಶಪ್ಪ ಮಾತು ಪೂರ್ತಿ ಕೇಳಲಿಲ್ಲ. "ನಮ್ಮ ಹೆಸರ ಅಲ್ಲಿ ಬರಸಬ್ಯಾಡೋ ಮಾರಾಯ. ಇವತ್ತು ನಿನಗ, ನಾಳಿ ನಮಗ" ಎಂದು ಒಳಗೆ ಹೋದ. ಶಿರೋಳದಲ್ಲಿ, ಗವಿಸಿದ್ದಪ್ಪ ಮನೆಯಲ್ಲಿಲ್ಲ ಎಂದು ಅವನ ಹೆಂಡತಿ ಹೇಳಿದಳು. ಒಳಗಿನಿಂದ ಅವನ ಕೆಮ್ಮು ಕೇಳುತ್ತಿತ್ತು.

ರಾಜೂರಿಗೆ ಅವನು ಹೋಗಲೇ ಇಲ್ಲ.

"ಸುಗರಾಗ ಯಾಕ ಹೇಳಲಿಲ್ಲ?" ಎಂದು ಹೆಂಡತಿ ಮಾಬೂಬಿ ಕೇಳಿದಳು.

"ಹೆಣ್ಣಮಗಳು. ಕಚೇರಿಗೆ ಎಳದಾಡೂದು ಬ್ಯಾಡ."

ಮಾಬೂಬಿ ಅವನ ಮುಖವನ್ನೇ ನೋಡಿದಳು. ಒಂದಾಣೆಯ ಸಂಗತಿ ಅವಳಿಗೆ ಗೊತ್ತಿತ್ತು. ಮರುದಿನ ರಾಜೂರಿಗೆ ಹೊರಟ ಗಾಡಿಯವನ ಕೈಯಲ್ಲಿ ತಾನೇ ಸುದ್ದಿ ಕಳಿಸಿದಳು.

ಮೂರನೆಯ ದಿನ ಜಂಗ್ಲಿಸಾಬ ತೆರಿಗೆಗೆ ಒಪ್ಪಿಕೊಂಡು ಬರೋಣವೆಂದು ಒಬ್ಬನೇ ರೋಣಕ್ಕೆ ಹೋದ. ಬಂಗಲೆಯ ಕಟ್ಟೆಯ ಮೇಲೆ ಗಂಟು ಪಕ್ಕಕ್ಕಿಟ್ಟುಕೊಂಡು ಸುಗರಾ ಕೂತಿದ್ದಳು.

"ನನಗ ಹೇಳಬಾರದೇನಣ್ಣಾ? ನನ್ನ ಮಾಲಿಗೆ ನೀ ಯಾಕ ತೆರಿಗಿ ಕಟ್ಟಬೇಕು?" ಎಂದಳು.

ಅವನು ಅವಳ ಹಿಂದೆ ಒಳಗೆ ಹೋದ.

ಸಾಹೇಬರು ಅವಳಿಗೂ ಕುರ್ಚಿ ಕೊಡಿಸಿದರು. ವರ್ಷಕ್ಕೆ ಎಷ್ಟು ಸೀರೆ, ಯಾವ ಯಾವ ಊರು, ಉದ್ರಿ ಎಷ್ಟು ಅಂತ ಒಂದೊಂದಾಗಿ ಕೇಳಿದರು. ಅವಳಿಗೂ ಬರೆದ ಲೆಕ್ಕವಿರಲಿಲ್ಲ. ಆದರೆ ನೆನಪು ಗಟ್ಟಿ. ಯಾವ ಅಮಾವಾಸ್ಯೆಗೆ ಎಷ್ಟು ಸೀರೆ ತಂದೆ ಎಂಬುದನ್ನೆಲ್ಲ ಹೇಳಿದಳು. ಪರಶಪ್ಪ, ಗವಿಸಿದ್ದಪ್ಪ ತನ್ನ ಮುಂದೆಯೇ ಅದೇ ಗಾಡಿಯಿಂದ ಗಂಟು ಇಳಿಸಿಕೊಂಡದ್ದನ್ನೂ ಹೇಳಿದಳು. ಸಾಹೇಬರು ಖಾತೆಯ ನಕಲಿನಲ್ಲಿ ತಾರೀಖುಗಳನ್ನು ತಾಳೆ ನೋಡಿದರು. ಕೂಡಿಬಂದವು.

"ಈ ಕೆಂಪಂಚಿನ ಸೀರಿ ನಿಮಗೆಷ್ಟಕ್ಕ ಕೊಟ್ಟಾರ?" ಎಂದು ನಕಲು ಓದುತ್ತ ಕೇಳಿದರು.

"ಎಂಟೂವರಿ ರೂಪಾಯಿರಿ. ಅಣ್ಣ ಗದಗಿನ ಅಸಲಿಗೇ ಕೊಡ್ತಾನ್ರಿ."

ಸಾಹೇಬರ ಬೆರಳು ನಕಲಿನ ಒಂದು ಸಾಲಿನ ಮೇಲೆ ನಿಂತಿತು. ಅಲ್ಲಿ ಎಂಟು ರೂಪಾಯಿ ಎಂದಿತ್ತು. ಅವರು ತಲೆಯೆತ್ತಿ ಜಂಗ್ಲಿಸಾಬನನ್ನು ನೋಡಿದರು.

ಆ ಎಂಟಾಣೆ ಗಾಡಿ ಬಾಡಿಗೆ ಅನ್ನಬಹುದಿತ್ತು. ಸುಗರಾ ಅದನ್ನೂ ನಂಬುತ್ತಿದ್ದಳು. ಆದರೆ ಅವಳು ರಾಜೂರಿನಿಂದ ಬೆಳಕು ಹರಿಯುವ ಮುಂಚೆ ಹೊರಟಿರಬೇಕು. ಅವಳ ಪಾದದ ತುಂಬ ಎರೆಮಣ್ಣಿನ ಧೂಳು ಕೂತಿತ್ತು. ಅದನ್ನು ನೋಡುತ್ತ ಅವನಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ರೂಪಾಯಿಗೆ ಒಂದಾಣೆ ನಾ ಇಟ್ಕೋತೀನ್ರಿ" ಎಂದ. "ಮೂರೂ ಮಂದಿ ಮಾಲಿನ ಮ್ಯಾಲ. ಇವರಿಗೆ ಹೇಳಿಲ್ಲ."

ಸುಗರಾ ಗಂಟಿನ ಮೇಲಿದ್ದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಸಾಹೇಬರು ಹೊಸ ಹಾಳೆ ತಗೊಂಡರು. "ನಿಮ್ಮ ಸ್ವಂತ ಮಾಲು ಹನ್ನೆರಡು ಸಾವಿರ. ಮಾರಾಟ ಹದಿನೈದು ಅಂತ ಹಿಡಿದ್ರ ಗಳಿಕಿ ಒಂದೂವರಿ ಸಾವಿರ. ಅವರ ಇಪ್ಪತ್ನಾಲ್ಕು ಸಾವಿರದ ಮ್ಯಾಲ ರೂಪಾಯಿಗೆ ಆಣೆಯಂಗ ಇನ್ನೊಂದೂವರಿ ಸಾವಿರ. ಕೂಡಿ ಮೂರು ಸಾವಿರ. ನೀವು ಬರಸಿದ್ದಕ್ಕಿಂತ ಹೆಚ್ಚಾತು, ಆದ್ರ ಮಿತಿಯೊಳಗ ಐತಿ. ಈ ವರ್ಷ ತೆರಿಗಿ ಇಲ್ಲ." ಆಮೇಲೆ ಸುಗರಾಳ ಕಡೆ ತಿರುಗಿ, "ತಾಯಿ, ನೀವು ಅಂಜಬ್ಯಾಡ್ರಿ. ನಿಮ್ಮ ಗಳಿಕಿ ಆ ಮಿತಿಯ ಹತ್ತಿರಕ್ಕೂ ಬರೂದಿಲ್ಲ. ಆ ಇಬ್ಬರದೂ ಅಷ್ಟ" ಎಂದರು. ಜಂಗ್ಲಿಸಾಬನಿಗೆ ಒಂದು ಮಾತು ಹೇಳಿದರು: "ಒಂದು ಲೆಕ್ಕದ ವಹಿ ಇಡ್ರಿ. ತಂದದ್ದು, ಕೊಟ್ಟದ್ದು ಬರೀರಿ. ಇಲ್ಲಂದ್ರ ಬರೂ ವರ್ಷ ಮತ್ತ ಇನ್ನೊಬ್ಬರು ಕೂತು ನಿಮ್ಮ ಬದುಕು ಅಂದಾಜ ಮಾಡ್ತಾರ."

ಹೊರಗೆ ಬಂದ ಮೇಲೆ ಸುಗರಾ ಬೇವಿನ ನೆರಳಿನ ತನಕ ನಡೆದಳು.

"ಆರು ವರ್ಷ" ಎಂದಳು ಆಮೇಲೆ.

"ಸುಗರಾ, ಗದಗಿನವನ ಉದ್ರಿ ಜವಾಬ್ದಾರಿ ನಂದಿತ್ತವ್ವಾ. ನೀವು ಯಾರರ ಕೊಡದಿದ್ರ ನಾ ತುಂಬಬೇಕಿತ್ತು..."

"ಅದನ್ನ ಹೇಳಿ ತಗೋಬೇಕಿತ್ತು. ನಾ ಬ್ಯಾಡ ಅಂತಿದ್ನೇನು? ನಿನ್ನ ಹೆಸರಿಲ್ಲಂದ್ರ ನನಗ ಗದಗಿನಾಗ ಒಂದು ಕುಪ್ಪಸದ ಕಣ ಸಿಗೂದಿಲ್ಲ, ಗೊತ್ತೈತಿ. ಅಸಲ ಬೆಲಿ ಅಂತ ಮಂದಿ ಮುಂದೆಲ್ಲಾ ನಿನ್ನ ಹೊಗಳಿದ್ನಲ್ಲಾ, ಅದಕ್ಕ ನಾಚಿಕಿ ಬಂತು."

ಅವನು ನೆಲ ನೋಡುತ್ತ ನಿಂತ. ಅವಳ ಕಣ್ಣಲ್ಲಿ ನೀರಿತ್ತೋ ಇಲ್ಲವೋ, ನೋಡುವ ಧೈರ್ಯ ಅವನಿಗಿರಲಿಲ್ಲ.

"ಇನ್ನ ಮ್ಯಾಲ ಅರ್ಧಾಣೆ" ಎಂದಳು. "ಬಿಲ್ಲು ನನಗ ತೋರಿಸಬೇಕು. ಪರಶಪ್ಪಗ, ಗವಿಸಿದ್ದಪ್ಪಗ ನೀನ ಹೋಗಿ ಹೇಳಬೇಕು. ನಾ ಹೇಳಂಗಿಲ್ಲ."

"ಅವರು ಬೈತಾರ."

"ಬೈಲಿ. ಕಚೇರಿಗೆ ಬರಲಿಲ್ಲಲ್ಲಾ ಅವರು, ನೀನೂ ನಾಕ ಮಾತು ಬೈ."

ಅವನಿಗೆ ನಗು ಬಂತು. ಅವಳು ಮಾತ್ರ ನಗಲಿಲ್ಲ. ಅವನು ಕೈ ಹಾಕಿದರೂ ಬಿಡದೆ, ಗಂಟನ್ನು ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಇಷ್ಟು ದೂರ ಬಂದಿದ್ದೇನೆ, ರೋಣದ ನಾಲ್ಕು ಓಣಿಗಳಲ್ಲಾದರೂ ಮಾರಿಕೊಂಡು ಹೋಗುತ್ತೇನೆ ಎಂದು ಪೇಟೆಯ ಕಡೆ ನಡೆದಳು.

ಜಂಗ್ಲಿಸಾಬ ಮಧ್ಯಾಹ್ನದ ಬಸ್ಸು ಹತ್ತಿದ. ಗಜೇಂದ್ರಗಡದ ತನಕ ಹೋಗದೆ ಸೂಡಿಯಲ್ಲೇ ಇಳಿದು, ಪರಶಪ್ಪನ ಮನೆಯ ಹಾದಿ ಹಿಡಿದ.