ಡೆನಿಮ್ಮಿಗೊಂದು ಕಂಕುಳ ತುಂಡು

ಮಗಳು ಶ್ರೀಪ್ರಿಯಾಳ ಡೆನಿಮ್ ಜಾಕೆಟ್ಟು ಈಗಲೂ ನಮ್ಮ ಬೀರುವಿನ ಕೆಳಗಿನ ಅರೆಯಲ್ಲಿದೆ. ವರ್ಷಕ್ಕೊಮ್ಮೆ ರೇಷ್ಮೆ ಸೀರೆಗಳ ಜೊತೆ ಅದನ್ನೂ ಬಿಸಿಲಿಗೆ ಹಾಕುತ್ತೇನೆ. ಹಾಕುವಾಗ ಬಲಗೈ ತೋಳನ್ನು ಎತ್ತಿ ನೋಡದೆ ಇರಲು ನನ್ನಿಂದ ಆಗುವುದಿಲ್ಲ.

ಎರಡು ಸಾವಿರದ ನಾಲ್ಕನೇ ಇಸವಿಯ ಡಿಸೆಂಬರ್. ಶ್ರೀಪ್ರಿಯಾ ಮುಳಬಾಗಿಲಿನಿಂದ ಬಸ್ಸಿನಲ್ಲಿ ದಿನಾ ಕೋಲಾರದ ಕಾಲೇಜಿಗೆ ಹೋಗಿಬರುತ್ತಿದ್ದಳು. ಚಿಕ್ಕಂದಿನಿಂದ ಪಿಟೀಲು ಕಲಿತಿದ್ದಳು. ಬೆಂಗಳೂರಿನ ಒಂದು ಕಾಲೇಜಿನ ಬಯಲು ರಂಗಮಂದಿರದಲ್ಲಿ ಶನಿವಾರ ಸಂಜೆ ಅಂತರಕಾಲೇಜು ಸಂಗೀತ ಸ್ಪರ್ಧೆ. ಕೋಲಾರದಿಂದ ಐದು ಹುಡುಗಿಯರ ತಂಡ. ಎಲ್ಲರೂ ಬಿಳಿ ಕುರ್ತಿ ಹಾಕಿ, ಅದರ ಮೇಲೆ ತಮಗಿಷ್ಟವಾದ ಜಾಕೆಟ್ಟೋ ಶ್ರಗ್ಗೋ ಹಾಕಬೇಕೆಂದು ತಾವೇ ತೀರ್ಮಾನ ಮಾಡಿಕೊಂಡಿದ್ದರು. ಮಧ್ಯದಲ್ಲಿ ಎರಡು ನಿಮಿಷ ಶ್ರೀಪ್ರಿಯಾ ಒಬ್ಬಳೇ ನುಡಿಸುವ ಭಾಗವಿತ್ತು. ಅವಳು ಅನ್ನ ಬಿಟ್ಟರೂ ಆ ಎರಡು ನಿಮಿಷವನ್ನು ಬಿಡುವವಳಲ್ಲ.

ಮನೆಯಲ್ಲಿದ್ದದ್ದು ಅವಳ ಅಣ್ಣ ಕೌಸ್ತುಭನ ಹಳೆಯ ಡೆನಿಮ್ ಜಾಕೆಟ್ಟು. ಮಾಲೂರಿನ ಕಾರ್ಖಾನೆಗೆ ಸೇರಿದ ಮೇಲೆ ಅವನಿಗೆ ಹೊಟ್ಟೆ ಬಂದು ಗುಂಡಿ ಕೂಡುತ್ತಿರಲಿಲ್ಲ.

"ತಗೋ ಕಣೇ. ಅದ್ರಲ್ಲಿ ನಿನ್ನಂಥೋರು ಇಬ್ಬರು ಹಿಡೀತೀರ," ಎಂದ.

"ಅಮ್ಮ ಹೊಲಿದು ಕೊಡ್ತಾಳೆ ಬಿಡು. ನಿನ್ನ ಹೊಟ್ಟೆಗೆ ಏನಾದ್ರೂ ಮಾಡಕ್ಕಾಗುತ್ತಾ ಅಂತ ಕೇಳು."

ನಾನು ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದೆ. ನಮ್ಮ ಬೀದಿಯಲ್ಲಿ ನನ್ನ ಬ್ಲೌಸು ಮೈಗೆ ಅಂಟಿದ ಹಾಗೆ ಕೂರುತ್ತದೆಂದು ಹೆಸರು. ಆ ಹೆಮ್ಮೆಯಲ್ಲೇ ಜಾಕೆಟ್ಟಿಗೂ ಕೈ ಹಾಕಿದೆ. ಪಿಟೀಲಿಗೆ ಚಕ್ಕಳಮಕ್ಕಳ ಹಾಕಿ ಕೂತರೆ ಉದ್ದದ ಜಾಕೆಟ್ಟು ಮಡಿಲಲ್ಲಿ ಮುದುಡುತ್ತದೆ. ಅದಕ್ಕೆ ಸೊಂಟದ ಪಟ್ಟಿ ಬಿಚ್ಚಿ, ಮೈಯಲ್ಲಿ ಐದಂಗುಲ ಕತ್ತರಿಸಿ, ಪಟ್ಟಿಯನ್ನು ಮತ್ತೆ ಜೋಡಿಸಿದೆ. ಬ್ಲೌಸಿನ ಸೂಜಿ ಎರಡು ಮುರಿದವು. ಆಮೇಲೆ ಹದಿನೆಂಟನೇ ನಂಬರಿನ ಸೂಜಿ ಹಾಕಿ, ದಪ್ಪ ಹೊಲಿಗೆಗಳನ್ನು ಕುಟ್ಟಾಣಿಯಿಂದ ಜಜ್ಜಿ ಮೆತ್ತಗೆ ಮಾಡಿ, ಮಡಿಕೆ ಬಂದಲ್ಲಿ ಮಿಷಿನ್ನಿನ ಚಕ್ರವನ್ನು ಕೈಯಿಂದ ತಿರುಗಿಸಿಕೊಂಡು ದಾಟಿಸಿದೆ. ಭುಜ, ಕಂಕುಳು, ತೋಳು ಎಲ್ಲವನ್ನೂ ಅವಳ ಮೈಗೆ ಬಿಗಿಯಾಗಿ ಹಿಡಿಸಿದೆ.

ಅತ್ತೆ ತಿರುಮಲಮ್ಮನವರು ಅಂಗಳದಲ್ಲಿ ಹೂಬತ್ತಿ ಹೊಸೆಯುತ್ತಾ ನೋಡುತ್ತಿದ್ದರು.

"ಲಾರಿ ಕ್ಲೀನರ್ ಕೋಟು. ಇದನ್ನ ಹಾಕ್ಕೊಂಡು ಸರಸ್ವತೀನ ಮಡಿಲಲ್ಲಿ ಇಟ್ಕೋತಾಳಂತೆ!"

"ಸಂಜೆ ಚಳಿ ಅತ್ತೆ, ಬಯಲಲ್ಲಿ ಕೂರ್ಬೇಕು."

"ಚಳಿಗೆ ಶಾಲಿಲ್ವಾ?"

"ಶಾಲು ಹೊದ್ಕೊಂಡು ಕಮಾನು ಎಳೆಯಕ್ಕಾಗುತ್ತಾ ಅಜ್ಜಿ!" ಎಂದು ಶ್ರೀಪ್ರಿಯಾ ಒಳಗಿಂದಲೇ ಕೂಗಿದಳು.

ಕತ್ತರಿಸಿದ ಬಟ್ಟೆಯನ್ನು ಬಿಸಾಡಲು ಮನಸ್ಸಾಗಲಿಲ್ಲ. ಎರಡು ಮಡಿಕೆ ಮಾಡಿ ಸುತ್ತ ಹೊಲಿಗೆ ಹಾಕಿ, ಬಿಸಿ ಪಾತ್ರೆ ಇಳಿಸಲು ಎರಡು ಮಸಿಬಟ್ಟೆ ಮಾಡಿಕೊಂಡೆ. ಒಂದನ್ನು ಒಲೆಯ ಹತ್ತಿರ ನೇತುಹಾಕಿ, ಇನ್ನೊಂದನ್ನು ಎತ್ತಿಟ್ಟೆ.

ಗುರುವಾರ ಸಂಜೆ ಕಾಲೇಜಿಂದ ಬಂದವಳು ಪಿಟೀಲಿನ ಪೆಟ್ಟಿಗೆಯನ್ನು ಮೂಲೆಗಿಟ್ಟು ಗೋಡೆ ಕಡೆ ಮುಖ ಮಾಡಿ ಕೂತಳು. ಕಾಫಿ ಬೇಡ ಎಂದಳು.

"ಜಾಕೆಟ್ ಹಾಕ್ಕೊಂಡ್ರೆ ಕೈ ಎತ್ತಕ್ಕಾಗಲ್ಲಮ್ಮ. ಕಮಾನು ಅರ್ಧಕ್ಕೆ ನಿಲ್ಲುತ್ತೆ. ಮೇಡಂ ಅಂದ್ರು, ಶನಿವಾರಾನೂ ಹೀಗೇ ಆದ್ರೆ ಆ ಭಾಗ ಸುಮೇಧಾ ಕೊಳಲಲ್ಲಿ ನುಡಿಸ್ಲಿ ಅಂತ."

"ಜಾಕೆಟ್ ಬಿಚ್ಚಿಟ್ಟು ನುಡಿಸೇ."

"ನಾಲ್ಕು ಜನ ಹಾಕ್ಕೊಂಡಿರ್ತಾರೆ, ನಾನೊಬ್ಬಳು ಬರೀ ಕುರ್ತೀಲಾ? ಕುರ್ತಿಗೆ ತೋಳೂ ಇಲ್ಲ. ಗಾಳಿಗೆ ಬೆರಳು ಮರಗಟ್ಟುತ್ತೆ."

ಜಾಕೆಟ್ಟು ಹಾಕಿಸಿ ನೋಡಿದೆ. ನಿಂತರೆ ಚಿತ್ರದಂತಿತ್ತು. ಕೈ ಪಕ್ಕಕ್ಕೆ ಚಾಚಿದರೆ ಇಡೀ ಜಾಕೆಟ್ಟೇ ಮೇಲಕ್ಕೆ ಎದ್ದು ಬರುತ್ತಿತ್ತು. ಜಾಕೆಟ್ಟು ಬಟ್ಟೆಯ ಮೇಲೆ ಹಾಕುವಂಥದ್ದು, ಅದಕ್ಕೆ ಒಳಗೆ ಜಾಗ ಬೇಕು. ನಾನು ಅಳತೆ ತೆಗೆದದ್ದು ತೆಳ್ಳನೆಯ ನೈಟಿಯ ಮೇಲೆ, ಬ್ಲೌಸಿಗೆ ತೆಗೆದ ಹಾಗೆ. ಬ್ಲೌಸಿಗಾದರೆ ಮುಂದೆ ಬಿಚ್ಚಿಕೊಳ್ಳಲಿ ಎಂದು ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತೇನೆ. ಡೆನಿಮ್ಮು ದಪ್ಪ, ಕಂಕುಳಲ್ಲಿ ಚುಚ್ಚುತ್ತದೆಂದು ಅದನ್ನೂ ಕತ್ತರಿಸಿ ಹಾಕಿದ್ದೆ. ಬಿಚ್ಚಲು ಏನೂ ಉಳಿದಿರಲಿಲ್ಲ.

"ತಪ್ಪು ನಂದೇ ಕಣೇ," ಎಂದೆ. ಅವಳು ಜಾಕೆಟ್ಟು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ವಾಸಿಯಿತ್ತು.

ಮಾರನೇ ದಿನ ಬೆಳಗ್ಗೆ ಅವಳು ಕಾಲೇಜಿಗೆ ಹೋದ ಮೇಲೆ ಜಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಲೆಯ ಮೇಲೆ ಬೇಳೆ ಉಕ್ಕಿದ್ದೂ ಗೊತ್ತಾಗಲಿಲ್ಲ. ಅತ್ತೆಯೇ ಎದ್ದು ಹೋಗಿ ಇಳಿಸಿದರು. ಬಂದವರು ನೇರ ತಮ್ಮ ಟ್ರಂಕು ತೆಗೆದು ಒಂದು ಹಳೇ ರವಿಕೆ ತಂದು ನನ್ನ ಮುಂದೆ ಹಾಕಿದರು.

"ಕಂಕುಳು ನೋಡು."

ತೋಳು ಮೈ ಸೇರುವಲ್ಲಿ ನಾಲ್ಕು ಬೆರಳಗಲದ ಚೌಕ ತುಂಡೊಂದನ್ನು ಓರೆಯಾಗಿ ಕೂರಿಸಿ ಹೊಲಿದಿದ್ದರು.

"ಈ ರವಿಕೇಲೇ ಬಾವಿ ಸೇದಿದ್ದೀನಿ, ರಾಗಿ ಬೀಸಿದ್ದೀನಿ. ಒಂದಿನ ಹಿಡೀಲಿಲ್ಲ. ನಿಮಗೆಲ್ಲ ಫಿಟ್ಟಿಂಗು! ಕೈ ಎತ್ತೋದೇ ಬೇಡ!"

"ಅತ್ತೆ, ಆದ್ರೆ ಬಟ್ಟೆ? ಇದೇ ಬಣ್ಣದ್ದು ಎಲ್ಲಿ ಸಿಗುತ್ತೆ?"

ಅವರು ಸೆರಗಿನಡಿಯಿಂದ ಒಲೆಯ ಹತ್ತಿರದ ಮಸಿಬಟ್ಟೆ ತೆಗೆದು ತೋರಿಸಿದರು. ಅದರಲ್ಲೇ ಬೇಳೆ ಇಳಿಸಿದ್ದರು.

ಎತ್ತಿಟ್ಟಿದ್ದ ಮಸಿಬಟ್ಟೆಯನ್ನು ಬಿಚ್ಚಿದರೆ ಎಡಗೈಗೆ ಆಗುವಷ್ಟು ಚೆನ್ನಾದ ತುಂಡು ಸಿಕ್ಕಿತು. ಉಳಿದ ಭಾಗದಲ್ಲಿ ಜೇಬಿನ ಹೊಲಿಗೆ ಹಾದುಹೋಗಿತ್ತು, ಚೌಕ ಬರಲಿಲ್ಲ. ಬಲಗೈಗೆ ಒಲೆಯ ಹತ್ತಿರದ್ದೇ ಗತಿ. ಎರಡು ಸಲ ಸೋಪು ಹಾಕಿ ಉಜ್ಜಿದೆ, ನಿಂಬೆಹಣ್ಣು ತಿಕ್ಕಿದೆ. ಮಸಿ ಹೋಯಿತು. ಅರಿಶಿನ ಮಾತ್ರ ಮಸುಕಾಗಿ ಉಳಿಯಿತು, ಒಂದು ರೂಪಾಯಿ ಅಗಲ.

ಕಂಕುಳ ಹೊಲಿಗೆಗಳನ್ನು ಬಿಚ್ಚಿ ಚೌಕ ಕೂರಿಸಿದೆ. ಎರಡು ಅಂಚು ಮೈಗೆ, ಎರಡು ಅಂಚು ತೋಳಿಗೆ. ಅತ್ತೆ ಪಕ್ಕದಲ್ಲಿ ಕೂತು, "ಮೂಲೆ ಎಳೀಬೇಡ, ನಿಧಾನ," ಎನ್ನುತ್ತಿದ್ದರು. ಸಂಜೆ ಶ್ರೀಪ್ರಿಯಾ ಹಾಕಿಕೊಂಡು ಕೈ ಚಾಚಿದಳು. ಮತ್ತೆ ಚಾಚಿದಳು. ಪೆಟ್ಟಿಗೆ ತೆಗೆದು ಅಲ್ಲೇ ನೆಲಕ್ಕೆ ಕೂತು ಕಮಾನನ್ನು ಈ ತುದಿಯಿಂದ ಆ ತುದಿಗೆ ಎಳೆದಳು. ಕಲೆ ಕಂಡಿತು. ಅವಳು ಕತ್ತು ಬಗ್ಗಿಸಿ ನೋಡಿದಳು.

"ಏನಮ್ಮ ಇದು?"

"ತೊವ್ವೆ," ಎಂದರು ಅತ್ತೆ.

ಹಿಂದಿನ ಸಂಜೆಯಿಂದ ಕೇಳದಿದ್ದ ಅವಳ ನಗು ಮನೆಯಲ್ಲಿ ಮತ್ತೆ ಕೇಳಿದ್ದು ಆಗಲೇ.

ಶನಿವಾರ ನಾನೂ ಜೊತೆಗೆ ಹೋದೆ. ಹೊತ್ತು ಮುಳುಗುತ್ತಿದ್ದಂತೆ ಬಯಲಲ್ಲಿ ಗಾಳಿ ಎದ್ದಿತು. ವೇದಿಕೆಯ ಪಕ್ಕದಲ್ಲಿ ಬೆಂಗಳೂರಿನ ಹುಡುಗಿಯರು. ಒಬ್ಬಳು ಉದ್ದನೆಯ ಫ್ರಾಕಿನ ಮೇಲೆ ಹಸಿರು ಬಾಂಬರ್ ಜಾಕೆಟ್ಟು ಹಾಕಿದ್ದಳು, ಮಣಿಕಟ್ಟಿಗೂ ಸೊಂಟಕ್ಕೂ ಸ್ವೆಟರಿನಂಥ ಪಟ್ಟಿ ಬಿಗಿದು ಗಾಳಿ ಒಳಗೆ ಹೋಗದ ಹಾಗೆ. ನಮ್ಮ ಸುಮೇಧಾ ಚೆಂದಕ್ಕೆಂದು ಬಲೆಯಂಥ ಶ್ರಗ್ ತಂದಿದ್ದಳು. ಮುಂದೆ ಗುಂಡಿಯೂ ಇಲ್ಲ, ಪಾಪ, ಎರಡೂ ಅಂಚು ಹಿಡಿದುಕೊಂಡು ನಡುಗುತ್ತಿದ್ದಳು.

"ಆಂಟಿ, ನನಗೂ ಒಂದು ಮಸಿಬಟ್ಟೆ ಇದ್ರೆ ಹೊಲಿದುಕೊಡಿ," ಎಂದಳು. ಶ್ರೀಪ್ರಿಯಾ ಎಲ್ಲರಿಗೂ ಹೇಳಿಬಿಟ್ಟಿದ್ದಳು.

ನಾನು ನಾಲ್ಕನೇ ಸಾಲಿನಲ್ಲಿ ಕೂತೆ. ಆ ಎರಡು ನಿಮಿಷ ಬಂದಾಗ ಉಳಿದವರು ಕೈ ನಿಲ್ಲಿಸಿದರು. ನನ್ನ ಕಣ್ಣು ಅವಳ ಬಲಗೈ ಮೇಲಿತ್ತು. ಕಮಾನು ಅರ್ಧಕ್ಕೆ ಬಂತು, ಅರ್ಧ ದಾಟಿತು, ತುದಿಯವರೆಗೂ ಹೋಯಿತು. ದೀಪದ ಬೆಳಕಿಗೆ ಅರಿಶಿನದ ಕಲೆ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಅದು ಕಂಡಾಗಲೆಲ್ಲ ನಾನು ಉಸಿರು ಬಿಟ್ಟೆ.

ಬಹುಮಾನ ಬೇರೆ ತಂಡಕ್ಕೆ ಹೋಯಿತು. ವಾಪಸು ಬಸ್ಸಿನಲ್ಲಿ ಶ್ರೀಪ್ರಿಯಾ ಜಾಕೆಟ್ಟು ಬಿಚ್ಚಿ ಸುಮೇಧಾಳಿಗೆ ಹೊದಿಸಿ, ತಾನು ನನ್ನ ಸೆರಗಿನೊಳಗೆ ತೂರಿಕೊಂಡಳು.

"ಅಜ್ಜಿಗೆ ಹೇಳ್ಬೇಕಮ್ಮ. ಕಂಕುಳು ಒಂಚೂರೂ ಹಿಡೀಲಿಲ್ಲ ಅಂತ."

ಈಗ ಅತ್ತೆ ಇಲ್ಲ. ಕಲೆ ಹಾಗೇ ಇದೆ. ಎಷ್ಟು ಸಲ ಬಿಸಿಲಿಗೆ ಹಾಕಿದರೂ ನಾನು ಆ ತೋಳನ್ನು ಮಾತ್ರ ಒಳಗೆ ಮಡಿಸಿಯೇ ಹಾಕುತ್ತೇನೆ, ಅರಿಶಿನದ ಬಣ್ಣ ಹೋಗದಿರಲಿ ಎಂದು.