ಸೊಟ್ಟ ಮುಚ್ಚಳ

ಒಲೆಯ ಬರ್ನರಿನ ಅಲ್ಯೂಮಿನಿಯಂ ಮುಚ್ಚಳ ಬದಲಿಸಿ ಎಂದು ಹೆಂಡತಿ ಗಂಟುಬಿದ್ದಿದ್ದಳು. ಗಂಡ ಕೇಳಲಿಲ್ಲ. ಅದನ್ನೂ ಪಕ್ಕದ ಬರ್ನರಿನ ಹಿತ್ತಾಳೆ ಮುಚ್ಚಳವನ್ನೂ ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಹಾಕಿದ. ಹಿತ್ತಾಳೆ ಬದುಕಿಕೊಂಡಿತು, ಅಲ್ಯೂಮಿನಿಯಂ ಕಪ್ಪಾಯಿತು.

"ಪಿನ್ನಿಂದ ತೂತೆಲ್ಲ ಬಿಡಿಸಿದ್ದೀನಿ ಕಣೇ!"

ಅವಳು ಅದನ್ನು ಕಟ್ಟೆಯ ಮೇಲಿಟ್ಟು ಒತ್ತಿದಳು. ಟಕಟಕ ಅಲುಗಾಡಿತು.

"ಇದು ಮೊದಲಿಂದ್ಲೂ ಸೊಟ್ಟಗಿದೆ ರೀ. ಸಂದೀಲಿ ಹಳದಿ ಉರಿ ಬರುತ್ತೆ. ನಾಯಿ ಬಾಲ ತೊಳೆದ್ರೆ ನೆಟ್ಟಗಾಗುತ್ತಾ?"

"ಯಾರಿಗೆ ಹೇಳ್ತಿದ್ದೀ?"

"ಬರ್ನರಿಗೆ! ಇನ್ಮೇಲೆ ನಿಮ್ಮ ಟೀ ಅದರ ಮೇಲೇ. ಮಸಿ ಹಿಡಿದ ಪಾತ್ರೆ ತೊಳೆಯೋದೂ ನೀವೇ."

ಮರುದಿನ ಬೆಳಿಗ್ಗೆ ಅವನ ಮೊಣಕೈವರೆಗೂ ಮಸಿ. ಸಂಜೆ ಹಳೆಯದರ ಅಳತೆಗೆ ಸರಿಯಾದ ಹೊಸ ಹಿತ್ತಾಳೆ ಮುಚ್ಚಳದೊಂದಿಗೆ ಬಂದ.

"ನಾನೇ ಯೋಚನೆ ಮಾಡಿ ತಂದೆ."

"ನಿಮ್ಮ ತಲೆನೇ ತಲೆ ರೀ," ಎನ್ನುತ್ತ ಅದನ್ನು ಕೂರಿಸಿ ಒಲೆ ಹಚ್ಚಿದಳು. ಉರಿ ನೀಲಿಯಾಗಿತ್ತು.